ಕಳಶಕ್ಕಿಂತ ಮೇಲಿನ ಕಣ್ಣು
(ದೇವಾಲಯಗಳ ಡ್ರೋನ್ ಚಿತ್ರಣವನ್ನು ಕುರಿತು ಒಂದು ವಿಮರ್ಶೆ)

ನಮ್ಮ ಗಡಿಸೀಮೆಯ ತೇರು, ಜಾತ್ರೆ, ಕುಂಭಾಭಿಷೇಕಗಳ ನೆನಪು ಉಳಿಯುವ ರೂಪ ಈಚೆಗೆ ಬದಲಾಗಿದೆ. ಹಿಂದೆ ಸ್ಟುಡಿಯೋದವರು ತೆಗೆದ ನಾಲ್ಕಾರು ಭಾವಚಿತ್ರಗಳು ಧರ್ಮಕರ್ತರ ಮನೆಯ ಗೋಡೆಯಲ್ಲಿ ತೂಗುತ್ತಿದ್ದವು. ಈಗ ಉತ್ಸವ ಮುಗಿದ ಸಂಜೆಯೊಳಗೆ ಆಕಾಶದಿಂದ ತೆಗೆದ ಮೂರು ನಿಮಿಷಗಳ ದೃಶ್ಯಾವಳಿಯೊಂದು ಪ್ರತಿ ಮನೆಯ ಕೈಫೋನಿಗೆ ಬಂದು ತಲುಪುತ್ತದೆ. ಇದನ್ನು ತಂತ್ರಜ್ಞಾನದ ಸುದ್ದಿಯೆಂದು ಪತ್ರಿಕೆಗಳು ಬರೆದಿವೆ, ಅಪಾಯವೆಂದು ಪೊಲೀಸರು ಎಚ್ಚರಿಸಿದ್ದಾರೆ. ಆದರೆ ಒಂದು ದೃಶ್ಯಪ್ರಕಾರವಾಗಿ ಇದನ್ನು ಯಾರೂ ಓದಿ ನೋಡಿದಂತಿಲ್ಲ. ಕಾವ್ಯವನ್ನೋ ನಾಟಕವನ್ನೋ ಪರಿಶೀಲಿಸುವ ಕಣ್ಣಿನಿಂದಲೇ ಇದನ್ನೂ ಪರಿಶೀಲಿಸುವುದು ಈ ಬರಹದ ಉದ್ದೇಶ. ಉದಾಹರಣೆಗೆ ಹೊಸೂರಿನ ಶ್ರೀ ಚಂದ್ರಚೂಡೇಶ್ವರನ ರಥೋತ್ಸವವನ್ನೇ ಆರಿಸಿಕೊಂಡಿದ್ದೇನೆ. ಬೆಟ್ಟ, ಕೊಳ, ತೇರಿನ ಬೀದಿ ಮೂರೂ ಒಂದೆಡೆ ಸೇರಿರುವ ಕ್ಷೇತ್ರವಾದ್ದರಿಂದ ಈ ಪ್ರಕಾರದ ಗುಣದೋಷಗಳೆಲ್ಲ ಇಲ್ಲಿ ಒಟ್ಟಿಗೆ ಸಿಕ್ಕುತ್ತವೆ.

ಮೊದಲು ಗುಣವನ್ನೇ ಹೇಳಬೇಕು. ನೆಲದ ಮೇಲೆ ನಿಂತವನಿಗೆ ಎಂದೂ ಒಟ್ಟಾಗಿ ಕಾಣದ ಒಂದು ಸಂಬಂಧವನ್ನು ಈ ಮೇಲಿನ ಕಣ್ಣು ತೋರಿಸಬಲ್ಲದು. ಚಂದ್ರಚೂಡೇಶ್ವರನೂ ಮರಕತಾಂಬೆಯೂ ಬೆಟ್ಟದ ಮೇಲಿದ್ದಾರೆ. ಫಾಲ್ಗುಣ ಹುಣ್ಣಿಮೆಯ ಸುಮಾರಿಗೆ ಉತ್ಸವಮೂರ್ತಿ ಕೆಳಗಿಳಿದು ತೇರುಪೇಟೆಯ ಬೀದಿಗಳಲ್ಲಿ ರಥವೇರುತ್ತಾನೆ. ಪಕ್ಕದಲ್ಲಿ ಪಚ್ಚೆಕೊಳವಿದೆ. ಬೀದಿಯಲ್ಲಿ ಹಗ್ಗ ಹಿಡಿದವನಿಗೆ ಬೆಟ್ಟ ಕಾಣುವುದಿಲ್ಲ, ತೇರಿನ ಗಾಲಿ ಮಾತ್ರ ಕಾಣುತ್ತದೆ. ಬೆಟ್ಟದ ಮೇಲೆ ನಿಂತವನಿಗೆ ತೇರು ಒಂದು ಬಣ್ಣದ ಚುಕ್ಕೆ. ಈ ಊರು ದೇವರ ಇಳಿಯುವಿಕೆಯ ಸುತ್ತ ಕಟ್ಟಿಕೊಂಡದ್ದು ಎಂಬ ವಾಸ್ತುಸತ್ಯ ಒಂದೇ ಚೌಕಟ್ಟಿನಲ್ಲಿ ಸಿಕ್ಕುವುದು ಎತ್ತರದಿಂದಲೇ. ಸೋಮನಾಥಪುರದ ಕೇಶವ ದೇವಾಲಯದ ಮೂರು ನಕ್ಷತ್ರಾಕಾರದ ಗರ್ಭಗೃಹಗಳು ಒಂದೇ ಜಗತಿಯ ಮೇಲೆ ಹೇಗೆ ಕೂತಿವೆ ಎಂಬುದನ್ನು ಪುಸ್ತಕದ ನಕಾಶೆಯಿಂದ ಕಲಿತವರು ಆಕಾಶದಿಂದ ತೆಗೆದ ಚಿತ್ರ ನೋಡಿದಾಗ ಪಡುವ ಸಂತೋಷ ಇದೇ ಜಾತಿಯದು. ಆದರೆ ಸೋಮನಾಥಪುರದಲ್ಲಿ ಇಂದು ಪೂಜೆಯಿಲ್ಲ. ಅಲ್ಲಿ ಕೇಳಬೇಕಾದದ್ದು ಪುರಾತತ್ತ್ವ ಇಲಾಖೆಯನ್ನು ಮಾತ್ರ. ಹೊಸೂರಿನದು ಜೀವಂತ ದೇವಾಲಯ. ಅಲ್ಲಿ ಕಟ್ಟಡದೊಳಗೆ ದೇವರೂ ಇದ್ದಾನೆ, ಅವನ ಮುಂದೆ ನಿಂತ ಜನರೂ ಇದ್ದಾರೆ. ಚಿತ್ರಕಾರನ ಕೆಲಸ ಕಠಿಣವಾಗುವುದು ಇಲ್ಲಿಂದ ಮುಂದೆ.

ಈ ಪ್ರಕಾರದ ದೃಶ್ಯಾವಳಿಗಳನ್ನು ಹತ್ತಿಪ್ಪತ್ತು ನೋಡಿದವರಿಗೆ ಅವುಗಳ ವ್ಯಾಕರಣ ತಿಳಿದುಹೋಗುತ್ತದೆ. ಮೋಡದಿಂದ ಇಳಿಯುವಂತೆ ಒಂದು ಆರಂಭ, ಶಿಖರದ ನೆತ್ತಿಯ ಮೇಲೆ ನಿಂತು ನೇರ ಕೆಳನೋಟ, ವಿಮಾನದ ಸುತ್ತ ಒಂದು ಪೂರ್ಣ ಸುತ್ತು, ಜನಸಾಗರದ ಮೇಲೆ ತೀರ ತಗ್ಗಿನ ಹಾರಾಟ, ಕೊನೆಗೆ ಮತ್ತೆ ಮೋಡಕ್ಕೆ ಏರಿಕೆ. ಇದರಲ್ಲಿ ಎರಡನೆಯದೂ ಮೂರನೆಯದೂ ನನ್ನ ಮುಖ್ಯ ಆಕ್ಷೇಪಣೆಗೆ ಗುರಿ.

ನೆತ್ತಿಯ ಮೇಲಿನ ಕೆಳನೋಟವನ್ನು ವಿರೋಧಿಸುವವರು ಸಾಮಾನ್ಯವಾಗಿ ಆಗಮವನ್ನು ಮುಂದಿಡುತ್ತಾರೆ. ದೇವರ ತಲೆಯ ಮೇಲೆ ಯಾರೂ ಇರಬಾರದು ಎನ್ನುತ್ತಾರೆ. ಇದಕ್ಕೆ ಉತ್ತರವಾಗಿ ಚಿತ್ರಕಾರರು ಕುಂಭಾಭಿಷೇಕದ ದಿನ ಅರ್ಚಕರೇ ಸಾರುವೆ ಹತ್ತಿ ಕಳಶದ ಪಕ್ಕ ನಿಲ್ಲುವುದನ್ನು ತೋರಿಸುತ್ತಾರೆ. 2025ರ ಜುಲೈ 7ರಂದು ತಿರುಚೆಂದೂರಿನ ಕುಂಭಾಭಿಷೇಕದಲ್ಲಿ ಭಕ್ತರ ಮೇಲೆ ತೀರ್ಥ ಪ್ರೋಕ್ಷಿಸಿದ್ದೇ ಡ್ರೋನುಗಳು ಎಂದೂ ನೆನಪಿಸುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಅರ್ಚಕ ಹತ್ತಿದ್ದು ನೀರೆರೆಯಲು, ಡ್ರೋನ್ ಏರಿದ್ದು ತೀರ್ಥ ಚಿಮುಕಿಸಲು. ಎರಡಕ್ಕೂ ಕ್ರಿಯೆಯೊಂದರ ಆಧಾರವಿದೆ, ದಿನ ಗೊತ್ತುಮಾಡಿದೆ, ಅಪ್ಪಣೆಯಿದೆ. ಬರಿಯ ನೋಟಕ್ಕಾಗಿ ಏರುವುದಕ್ಕೆ ಆ ಆಧಾರವಿಲ್ಲ. ಇದಿಷ್ಟು ಶ್ರದ್ಧೆಯ ವಾದ. ನನ್ನ ವಾದ ಇನ್ನೂ ಲೌಕಿಕವಾದದ್ದು: ಆ ಕೆಳನೋಟ ಚಿತ್ರವಾಗಿಯೇ ಸೋಲುತ್ತದೆ. ನೇರ ಮೇಲಿನಿಂದ ನೋಡಿದಾಗ ಶಿಖರದ ಎತ್ತರ ಅಳಿಸಿಹೋಗುತ್ತದೆ. ತಲ ತಲವಾಗಿ ಏರಿ ಕಳಶದಲ್ಲಿ ಕೊನೆಗೊಳ್ಳುವ ಶಿಲ್ಪಿಯ ಶ್ರಮವೆಲ್ಲ ಒಂದರೊಳಗೊಂದು ಕೂತ ಚೌಕಗಳಾಗಿ ಚಪ್ಪಟೆಯಾಗುತ್ತದೆ. ಕಳಶದ ಹಿನ್ನೆಲೆಯಲ್ಲಿ ಆಕಾಶವಿರಬೇಕಾದಲ್ಲಿ ಮಾಳಿಗೆಯ ನೀರಿನ ತೊಟ್ಟಿ, ತಗಡಿನ ಚಪ್ಪರ, ವಿದ್ಯುತ್ತಂತಿ, ಒಣಗಲು ಹಾಕಿದ ಪಂಚೆ ಬಂದು ಕೂರುತ್ತವೆ. ಶಿಲ್ಪಿ ಈ ಮುಖವನ್ನು ಯಾರಿಗೂ ತೋರಿಸಲು ಕೆತ್ತಲಿಲ್ಲ. ಯಂತ್ರವನ್ನು ಕಳಶದ ಮಟ್ಟಕ್ಕಿಂತ ಒಂದು ಗೇಣಾದರೂ ಕೆಳಗಿರಿಸಿ, ದೂರ ಸರಿದು, ಅಡ್ಡನೋಟದಲ್ಲಿ ತೆಗೆದರೆ ಕಳಶ ದಿಗಂತದ ಗೆರೆಯನ್ನು ದಾಟಿ ಆಕಾಶಕ್ಕೆ ತಾಗುತ್ತದೆ. ಕ್ಯಾಮೆರಾದ ಮಟ್ಟಕ್ಕಿಂತ ಮೇಲಿರುವುದೆಲ್ಲ ದಿಗಂತದ ಮೇಲೆ, ಕೆಳಗಿರುವುದೆಲ್ಲ ದಿಗಂತದ ಕೆಳಗೆ ಬೀಳುವುದು ನೋಟದ ನಿಯಮ. ಆದ್ದರಿಂದ ಮುಗಿದ ಚಿತ್ರವನ್ನು ನೋಡಿದರೇ ಸಾಕು, ಕಣ್ಣು ಕಳಶಕ್ಕಿಂತ ಮೇಲಿತ್ತೋ ಕೆಳಗಿತ್ತೋ ಹೇಳಿಬಿಡಬಹುದು.

ಸುತ್ತುಹಾಕುವ ದೃಶ್ಯದ ವಿಷಯ ಇದಕ್ಕಿಂತ ಸೂಕ್ಷ್ಮ. ಒಂದು ಬಿಂದುವನ್ನು ನಡುವಿಟ್ಟು ತಾನೇ ತಿರುಗುವ ಸೌಲಭ್ಯ ಈಗಿನ ಎಲ್ಲ ಯಂತ್ರಗಳಲ್ಲೂ ಇದೆ. ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂಬ ಆಯ್ಕೆಯೂ ಇದೆ. ಬಹುಪಾಲು ಚಿತ್ರಕಾರರು ಆ ಆಯ್ಕೆಯನ್ನು ಮುಟ್ಟುವುದಿಲ್ಲ. ಯಂತ್ರ ಹೇಗೆ ತಿರುಗಿತೋ ಹಾಗೆ. ಫಲವಾಗಿ ನಾವು ನೋಡುವ ಎಷ್ಟೋ ದೃಶ್ಯಗಳು ಅಪ್ರದಕ್ಷಿಣೆಯಾಗಿವೆ. ಪ್ರದಕ್ಷಿಣೆಯಲ್ಲಿ ದೇವರು ನಮ್ಮ ಬಲಕ್ಕಿರುತ್ತಾನೆ. ಯಂತ್ರ ಹಾಗೆ ಸಾಗುತ್ತ ಗುಡಿಯ ಕಡೆ ಮುಖಮಾಡಿದ್ದರೆ ತೆರೆಯ ಮೇಲೆ ಮುಂಬದಿಯ ಮರಗಳೂ ಪ್ರಾಕಾರವೂ ಎಡದಿಂದ ಬಲಕ್ಕೆ ಸರಿಯುತ್ತವೆ. ಬಲದಿಂದ ಎಡಕ್ಕೆ ಸರಿದರೆ ಸುತ್ತು ತಿರುಗುಮುರುಗಾಗಿದೆ ಎಂದರ್ಥ. ಮನೆಯ ಹಿರಿಯರು ಇಂಥ ದೃಶ್ಯ ನೋಡಿ ಕಾರಣ ತಿಳಿಯದೆಯೇ ಕಸಿವಿಸಿಗೊಳ್ಳುವುದುಂಟು. ಅವರ ಕಾಲಿಗೆ ಗೊತ್ತಿರುವ ದಿಕ್ಕು ಕಣ್ಣಿಗೆ ತಪ್ಪಾಗಿ ಬಡಿಯುತ್ತದೆ. ಶಿವಾಲಯವಾದರೆ ಇನ್ನೊಂದು ತೊಡಕೂ ಇದೆ. ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ದಾಟದೆ ಹಿಂದಿರುಗುವ ಸಂಪ್ರದಾಯವನ್ನು ಬಲ್ಲವರಿಗೆ ಪೂರ್ಣ ಸುತ್ತೇ ಸಲ್ಲದು. ಆಕಾಶದಲ್ಲಿ ಸೋಮಸೂತ್ರವನ್ನು ಹುಡುಕಬೇಕೆಂದು ನಾನು ಹಟಹಿಡಿಯುವುದಿಲ್ಲ. ಆದರೆ ಅರ್ಧ ಸುತ್ತಿನಲ್ಲಿ ನಿಂತು ನಿಧಾನವಾಗಿ ಹಿಂದಿರುಗುವ ದೃಶ್ಯ, ಗಾಣದಂತೆ ಗಿರಗಿರ ತಿರುಗುವ ದೃಶ್ಯಕ್ಕಿಂತ ಚೆಲುವಾಗಿರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಇನ್ನು ದೇವರನ್ನೇ ತೋರಿಸುವ ವಿಚಾರ. ಮೂಲಮೂರ್ತಿಗೂ ಉತ್ಸವಮೂರ್ತಿಗೂ ನಮ್ಮ ಪರಂಪರೆ ಮಾಡಿರುವ ಭೇದವೇ ಇಲ್ಲಿ ದಾರಿದೀಪ. ಮೂಲಮೂರ್ತಿಯನ್ನು ನೋಡಬೇಕಾದವನು ಬೆಟ್ಟ ಹತ್ತಿ, ಬೆಳಕಿನಿಂದ ನಸುಗತ್ತಲಿಗೆ ನಡೆದು, ಸರದಿಯಲ್ಲಿ ಕಾದು ನೋಡಬೇಕು. ಉತ್ಸವಮೂರ್ತಿಯಾದರೋ ಹತ್ತಲಾರದವರಿಗೆ ಕಾಣಿಸಿಕೊಳ್ಳಲೆಂದೇ ಬೀದಿಗೆ ಬರುತ್ತಾನೆ. ಬೀದಿಗೆ ಬಂದವನ ಚಿತ್ರ ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರ ತಕರಾರೂ ಇಲ್ಲ. ಗರ್ಭಗುಡಿಯ ಬಾಗಿಲಿಗೆ ದೂರದಿಂದ ಮಸೂರ ಚಾಚುವುದಕ್ಕೆ ತಕರಾರಿದೆ. ಮದ್ರಾಸ್ ಉಚ್ಚ ನ್ಯಾಯಾಲಯದ ಮಧುರೈ ಪೀಠವು 2022ರ ಡಿಸೆಂಬರಿನಲ್ಲಿ, ತಿರುಚೆಂದೂರು ದೇವಾಲಯದ ಪ್ರಕರಣದಲ್ಲಿ, ರಾಜ್ಯದ ದೇವಾಲಯಗಳೊಳಗೆ ಮೊಬೈಲ್ ಫೋನುಗಳನ್ನು ನಿಷೇಧಿಸುವಂತೆ ಧಾರ್ಮಿಕ ದತ್ತಿ ಇಲಾಖೆಗೆ ಸೂಚಿಸಿತು. ಕೈಯಲ್ಲಿ ಹಿಡಿದ ಫೋನಿಗೇ ಇಲ್ಲದ ಪ್ರವೇಶ ಹಾರುವ ಕ್ಯಾಮೆರಾಕ್ಕೆ ಗೋಡೆಯ ಮೇಲಿನಿಂದ ದೊರಕಿತೆಂದು ವಾದಿಸುವುದು ಜಾಣತನವಾದೀತು, ನ್ಯಾಯವಾಗದು.

ಈಗ ಜನರ ಕಡೆ ತಿರುಗೋಣ. ಜಾತ್ರೆಗೆ ಬಂದವನು ಎಲ್ಲರೆದುರು ಬಂದವನೇ, ಅವನಿಗೆಂಥ ಗೋಪ್ಯ ಎಂಬ ಮಾತು ಹೊರನೋಟಕ್ಕೆ ಸರಿ. ಆದರೆ ಸಾವಿರ ಜನರ ನಡುವೆ ನಿಂತವನು ಸಾವಿರ ಜನರ ಕಣ್ಣಿಗೆ ಕ್ಷಣಕಾಲ ಬಿದ್ದು ಮರೆಯಾಗುತ್ತಾನೆ. ಚಿತ್ರದಲ್ಲಿ ನಿಂತವನು ಮರೆಯಾಗುವುದಿಲ್ಲ. ದೇವಸ್ಥಾನಕ್ಕೆ ಜನ ಬರುವುದು ಸುಖಕ್ಕಿಂತ ಹೆಚ್ಚಾಗಿ ಕಷ್ಟಕ್ಕೆ. ಮಕ್ಕಳಾಗಲೆಂದು ಹರಕೆ ಹೊತ್ತವಳು, ಮಗನ ಕಾಯಿಲೆಗೆ ಮುಡಿ ಕೊಟ್ಟವಳು, ಎರಡು ಮನೆಯವರ ಕಣ್ಣು ತಪ್ಪಿಸಿ ಮೆಟ್ಟಿಲ ಮೇಲೆ ಕೂತ ಜೋಡಿ, ಸಾಲಗಾರನಿಗೆ ಹೆದರಿ ಊರು ಬಿಟ್ಟು ತೇರಿನ ದಿನ ಮಾತ್ರ ಬಂದವನು, ಇವರೆಲ್ಲ ಆ ಗುಂಪಿನಲ್ಲಿದ್ದಾರೆ. ನಾನು ಕಂಡ ಒಂದು ದೃಶ್ಯಾವಳಿಯಲ್ಲಿ (ಊರು ಇದಲ್ಲ, ಹೆಸರು ಬೇಡ) ಕೊಳದ ಸೋಪಾನದ ಮೂಲೆಯಲ್ಲಿ ಮಿಂದು ಸೀರೆ ಬದಲಿಸುತ್ತಿದ್ದ ಹೆಂಗಸೊಬ್ಬಳು ನಾಲ್ಕು ಸೆಕೆಂಡು ತೆರೆಯ ನಡುವಿನಲ್ಲಿದ್ದಳು. ನೆಲದ ಮೇಲೆ ಅವಳಿಗೆ ಅಡ್ಡ ಹಿಡಿಯಲು ಇನ್ನೊಬ್ಬಳು ನಿಂತಿದ್ದಳು. ಮೇಲಿನಿಂದ ಅಡ್ಡ ಹಿಡಿಯುವವರು ಯಾರು? ಸಂಕಲನಕಾರ ನೀರಿನ ಮೇಲಿನ ಬೆಳಕನ್ನು ನೋಡುತ್ತಿದ್ದನೇ ಹೊರತು ಅವಳನ್ನು ನೋಡಿರಲಾರ. ಅವಳ ಊರಿನವರು ನೋಡಿರುತ್ತಾರೆ.

ಎತ್ತರದಿಂದ ತೆಗೆದರೆ ಮುಖ ಕಾಣುವುದಿಲ್ಲ ಎಂಬುದು ಚಿತ್ರಕಾರರ ಸಾಮಾನ್ಯ ಸಮಾಧಾನ. ಇದನ್ನು ಲೆಕ್ಕ ಹಾಕಿ ನೋಡಬಹುದು. ಈಗ ಬಳಕೆಯಲ್ಲಿರುವ ‘ನಾಲ್ಕು ಕೆ’ ಚಿತ್ರದ ಅಗಲ 3840 ಬಿಂದುಗಳು. ಇಂಥ ಯಂತ್ರಗಳ ಸಾಮಾನ್ಯ ಅಗಲ ಮಸೂರ ಹತ್ತು ಮೀಟರ್ ದೂರದಲ್ಲಿ ಸುಮಾರು 15 ಮೀಟರ್ ಅಗಲದ ನೋಟವನ್ನು ಹಿಡಿಯುತ್ತದೆ. ಅಂದರೆ ಒಂದು ಮೀಟರಿಗೆ 250 ಬಿಂದುಗಳಿಗಿಂತ ತುಸು ಹೆಚ್ಚು. ಕಾವಲು ಕ್ಯಾಮೆರಾಗಳ ಕ್ಷೇತ್ರದಲ್ಲಿ ಅಪರಿಚಿತನ ಗುರುತು ಹಚ್ಚಲು ಬೇಕೆಂದು ಒಪ್ಪಿರುವ ಅಳತೆ ಇದೇ 250. ಪರಿಚಿತನನ್ನು ಗುರುತಿಸಲು 125 ಸಾಕು. ಅದೇ ಮಸೂರ ಮೂವತ್ತು ಮೀಟರ್ ದೂರ ಹೋದರೆ ಮೀಟರಿಗೆ 85 ಬಿಂದುಗಳಷ್ಟೇ ಉಳಿಯುತ್ತವೆ, ಮುಖ ಒಂದು ಮಸುಕಾದ ಚುಕ್ಕೆಯಾಗುತ್ತದೆ. ಇಲ್ಲಿಯವರೆಗೆ ಚಿತ್ರಕಾರರ ಮಾತು ನಿಜ. ಆದರೆ ಅದೇ ಯಂತ್ರದಲ್ಲಿ ಮೂರು ಪಟ್ಟು ಹತ್ತಿರ ತರುವ ಎರಡನೆಯ ಮಸೂರವಿದ್ದರೆ, ಮೂವತ್ತು ಮೀಟರಿನಿಂದಲೂ ಹತ್ತು ಮೀಟರಿನಷ್ಟೇ ಸ್ಪಷ್ಟವಾದ ಮುಖಗಳು ಸಿಕ್ಕುತ್ತವೆ. ಗೋಪ್ಯವನ್ನು ಕಾಯುವುದು ಎತ್ತರವೊಂದೇ ಅಲ್ಲವೆಂದಾಯಿತು; ದೂರವನ್ನೂ ಮಸೂರವನ್ನೂ ಕೂಡಿಯೇ ಕೇಳಬೇಕು. ಸೀರೆಯ ಬಣ್ಣ, ನಡಿಗೆ, ಪಕ್ಕದಲ್ಲಿರುವವರು ಇವಿಷ್ಟರಿಂದಲೇ ಊರಿನವರು ಊರಿನವರನ್ನು ಗುರುತಿಸುತ್ತಾರೆ ಎಂಬುದು ಯಾವ ಲೆಕ್ಕಕ್ಕೂ ಸಿಗದ ಸಂಗತಿ.

ಇದಕ್ಕೆ ನಾನು ಕಂಡಿರುವ ಉತ್ತಮ ಪರಿಹಾರ ಬಹಳ ಸರಳವಾದದ್ದು. ಯಂತ್ರವನ್ನು ಜನರ ಹಿಂದೆ ನಿಲ್ಲಿಸಿ, ಜನ ಯಾವ ಕಡೆ ನೋಡುತ್ತಿದ್ದಾರೋ ಆ ಕಡೆಗೇ ನೋಡುವುದು. ತೇರಿನ ಮುಂದೆ ನಿಂತು ಹಿಂದಿರುಗಿ ನೋಡಿದರೆ ಹಗ್ಗ ಎಳೆಯುವವರ ಮುಖಗಳೆಲ್ಲ ಎದುರಾಗುತ್ತವೆ. ತೇರು ಹೊರಡುವ ಮುನ್ನ ಎಲ್ಲರೂ ಅದರ ಕಡೆ ಮುಖಮಾಡಿ ಕೈಮುಗಿದಿರುವಾಗ ಗುಂಪಿನ ಬೆನ್ನ ಹಿಂದಿನಿಂದ ತೆಗೆದರೆ, ಎತ್ತಿದ ಕೈಗಳು, ಹೂಮುಡಿದ ಹೆರಳುಗಳು, ಹೆಗಲೇರಿದ ಮಕ್ಕಳು, ಅವುಗಳಾಚೆ ದೇವರು. ಯಾರ ಮುಖವೂ ಇಲ್ಲ, ಎಲ್ಲರ ಭಕ್ತಿಯೂ ಇದೆ. ಚಿತ್ರಕಾರನೂ ಆ ಗುಂಪಿನಲ್ಲಿ ಒಬ್ಬನಾಗುತ್ತಾನೆ. ಮುಖಗಳ ಮೇಲೆ ಆಮೇಲೆ ಮಸುಕು ಬಳಿಯುವ ತಂತ್ರಕ್ಕಿಂತ ಇದು ಎಷ್ಟೋ ಮೇಲು. ಮಸುಕು ಬಳಿದ ಮುಖ ತೆರೆಯ ಮೇಲೆ ಅಪರಾಧಿಯ ಮುಖದಂತೆ ಕಾಣುತ್ತದೆ.

ಅಪ್ಪಣೆಗಳ ವಿಷಯ ಒಣಗಿದ್ದಾದರೂ ಬಿಡುವಂತಿಲ್ಲ. ಕೇಂದ್ರದ 2021ರ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್‌ವರೆಗೆ ಹಾರಿಸಲು ಬೇರೆ ಅನುಮತಿ ಬೇಕಿಲ್ಲ. ಹಳದಿ ವಲಯಕ್ಕೆ ವಾಯುಸಂಚಾರ ನಿಯಂತ್ರಣದವರ, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ತಳಿ ರಸ್ತೆಯ ಬೆಳಗೊಂಡಪಳ್ಳಿಯಲ್ಲಿ ಖಾಸಗಿ ವಿಮಾನ ಇಳಿದಾಣವಿರುವುದರಿಂದ ಹೊಸೂರಿನವರು ಊಹೆಗೆ ಎಡೆಕೊಡದೆ, ಹಾರಿಸುವ ದಿನವೇ ವಲಯದ ನಕಾಶೆ ನೋಡಬೇಕು. ದೊಡ್ಡ ಉತ್ಸವಗಳಂದು ಪೊಲೀಸ್ ವರಿಷ್ಠಾಧಿಕಾರಿಯ ಮಟ್ಟದ ಅಧಿಕಾರಿ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವಾಗಿ ಘೋಷಿಸಬಹುದು. ನಿನ್ನೆ ಹಸಿರಾಗಿದ್ದುದು ತೇರಿನ ದಿನ ಕೆಂಪಾಗಿರಬಹುದು. 250 ಗ್ರಾಮಿನೊಳಗಿನ ಪುಟ್ಟ ಯಂತ್ರಕ್ಕೆ ಚಾಲಕ ಪ್ರಮಾಣಪತ್ರ ಬೇಡವೆಂಬುದನ್ನೇ ಎಲ್ಲ ಅಪ್ಪಣೆಯೂ ಬೇಡವೆಂದು ಓದಿಕೊಳ್ಳುವ ರೂಢಿ ನಮ್ಮಲ್ಲಿ ಬೆಳೆದಿದೆ. ಆ ವಿನಾಯಿತಿ ಕೊಟ್ಟದ್ದು ವಿಮಾನಯಾನ ಇಲಾಖೆ. ದೇವಾಲಯದ ಕಾರ್ಯನಿರ್ವಹಣಾಧಿಕಾರಿ ಕೊಟ್ಟದ್ದಲ್ಲ. ಗಗನ ಕೇಂದ್ರದ್ದಾದರೂ ಅಂಗಳ ದೇವರದು. ಅಧಿಕಾರಿಗೆ ಕೊಡುವ ಅರ್ಜಿಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ ಏರಿಸಿ ಎಲ್ಲಿ ಇಳಿಸುವುದು, ಯಾವುದನ್ನು ತೆಗೆಯುವುದಿಲ್ಲ, ಚಿತ್ರ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಬರೆದರೆ ಅರ್ಚಕರ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ರಾಯಕೋಟೆಯ ದುರ್ಗದಂತಹ ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಬಾಗಿಲು ಬೇರೆಯೇ ತಟ್ಟಬೇಕು.

ಬೆಟ್ಟದ ಗುಡಿಗಳಲ್ಲಿ 120 ಮೀಟರ್ ಎಂಬ ಮಾತೇ ಮೋಸಮಾಡುತ್ತದೆ, ಇದನ್ನು ತುಸು ಬಿಡಿಸಿ ಹೇಳಬೇಕು. ಯಂತ್ರದ ತೆರೆಯಲ್ಲಿ ಕಾಣುವ ಎತ್ತರ ಅದು ಏರಿದ ಜಾಗದಿಂದ ಅಳೆದದ್ದು. ನಿಯಮ ಕೇಳುವುದು ಆ ಕ್ಷಣ ಅದರ ಕೆಳಗಿರುವ ನೆಲದಿಂದ. ಲೆಕ್ಕಕ್ಕಾಗಿ ಬೆಟ್ಟ ಪೇಟೆಗಿಂತ 60 ಮೀಟರ್ ಎತ್ತರವೆಂದಿಟ್ಟುಕೊಳ್ಳೋಣ. ಗುಡಿಯ ಅಂಗಳದಿಂದ ಏರಿಸಿ 90 ಮೀಟರ್ ಎಂದು ನೋಡುತ್ತ ತೇರುಪೇಟೆಯ ಮೇಲೆ ಹೋದರೆ, ಬೀದಿಯಿಂದ ಅದು 150 ಮೀಟರ್ ಮೇಲಿದೆ. ಚಿತ್ರಕಾರನಿಗೆ ಗೊತ್ತಾಗದಂತೆಯೇ ನಿಯಮ ಮುರಿದಿದೆ. ಪೇಟೆಯಿಂದ ಏರಿಸಿ 70 ಮೀಟರ್ ಎಂದು ನೋಡುತ್ತ ಬೆಟ್ಟದ ಮೇಲೆ ಬಂದರೆ ಅಂಗಳದಿಂದ ಹತ್ತೇ ಮೀಟರ್ ಉಳಿದಿದೆ, ಎದುರಿಗೆ ಗೋಪುರ. ಸಂಪರ್ಕ ತಪ್ಪಿದಾಗ ಯಂತ್ರ ತಾನಾಗಿ ಹಿಂದಿರುಗುವ ಎತ್ತರವನ್ನು 30 ಮೀಟರಿಗೆ ಬಿಟ್ಟಿದ್ದು, ಅದು ಬೆಟ್ಟದ ಇನ್ನೊಂದು ಮಗ್ಗುಲಿನ ತಗ್ಗಿನಲ್ಲಿ ಹಾರುತ್ತಿದ್ದರೆ, ಹಿಂದಿರುಗುವ ದಾರಿಯಲ್ಲಿ ಬೆಟ್ಟಕ್ಕೇ ಬಡಿಯುತ್ತದೆ. ಅದರ ಕೆಳಗೆ ಆ ದಿನ ಮೆಟ್ಟಿಲ ತುಂಬ ಜನ. ಬಂಡೆಯ ಮರೆಯಲ್ಲೋ ಗೋಪುರದ ಸಂದಿನಲ್ಲೋ ಹೆಜ್ಜೇನು ಕಟ್ಟಿದೆಯೇ ಎಂದು ಹಿಂದಿನ ದಿನವೇ ದುರ್ಬೀನಿನಲ್ಲಿ ನೋಡಿಟ್ಟುಕೊಳ್ಳುವುದೂ ಈ ಕೆಲಸದ ಭಾಗವೇ. ಜೇನು ಎದ್ದರೆ ಓಡಲು ಜಾಗವಿರುವುದಿಲ್ಲ.

ಶಬ್ದದ ಮಾತನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತೇನೆ. ಈ ಯಂತ್ರಗಳಲ್ಲಿ ಬಹುತೇಕ ಯಾವುದೂ ಧ್ವನಿಯನ್ನು ಹಿಡಿಯುವುದಿಲ್ಲ, ಹಿಡಿದರೂ ರೆಕ್ಕೆಗಳ ಗುಂಯ್‌ಗುಡುವಿಕೆಯನ್ನಷ್ಟೇ ಹಿಡಿದೀತು. ಹಾಗಾಗಿ ನಮಗೆ ಕೇಳಿಸುವುದೆಲ್ಲ ಆಮೇಲೆ ಅಂಟಿಸಿದ್ದು, ಹೆಚ್ಚಾಗಿ ಯಾವುದೋ ಸಿನಿಮಾದ ಅಬ್ಬರದ ವಾದ್ಯ. ಕೆಳಗೆ ಬೀದಿಯಲ್ಲಿ ಓಲಗವಿದೆ, ತಮಟೆಯಿದೆ, ಮೂರು ಭಾಷೆಗಳಲ್ಲಿ ಕೂಗುವ ಜನರಿದ್ದಾರೆ. ಒಬ್ಬ ಹುಡುಗ ಧ್ವನಿಮುದ್ರಣ ಯಂತ್ರ ಹಿಡಿದು ತೇರಿನ ಪಕ್ಕ ನಡೆದರೆ ಸಾಕು, ಚಿತ್ರ ಹೊಸೂರಿನದೆಂದು ಕಣ್ಣುಮುಚ್ಚಿಯೂ ಹೇಳಬಹುದು.

ಉಳಿಯುವುದು ಹಸಿ ಚಿತ್ರದ ಪ್ರಶ್ನೆ. ಮೂರು ನಿಮಿಷದ ದೃಶ್ಯಾವಳಿಗೆ ಒಂದು ಗಂಟೆಯಷ್ಟಾದರೂ ತೆಗೆದಿರುತ್ತಾರೆ. ಸಂಕಲನದಲ್ಲಿ ಬಿಟ್ಟ ಮುಖಗಳು, ತಪ್ಪಿ ಸೆರೆಯಾದ ಕೊಳದ ಮೂಲೆ, ಅಕ್ಕಪಕ್ಕದ ಮನೆಗಳ ಹಿತ್ತಿಲು ಎಲ್ಲವೂ ಅದರಲ್ಲಿವೆ. ಗೋಪ್ಯತೆ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟಿನಲ್ಲಿ ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದರ ಹಿಂದೆಯೇ ಬಂದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸ್ವಂತಕ್ಕೂ ಮನೆಮಟ್ಟಿಗೂ ಬಳಸುವವರನ್ನು ಹೊರಗಿಟ್ಟಿದೆ. ಹಣ ಪಡೆದು ತೆಗೆದು ಊರಿಗೆಲ್ಲ ಹಂಚುವ ಕೆಲಸವನ್ನು ಮನೆಮಟ್ಟಿನ ಬಳಕೆಯೆಂದು ಕರೆಯುವುದು ಕಷ್ಟ. ಚಿತ್ರಕಾರ, ದೇವಸ್ಥಾನ, ಉತ್ಸವ ಸಮಿತಿ ಈ ಮೂವರೂ ಮೊದಲೇ ಕೂತು ಬರೆದಿಟ್ಟುಕೊಳ್ಳುವುದು ಲೇಸು: ಸಂಕಲಿತ ಪ್ರತಿ ದೇವಸ್ಥಾನದ ಕಡತದಲ್ಲಿ ದಿನಾಂಕದೊಡನೆ ಉಳಿಯಲಿ, ಬೆಟ್ಟ, ಕೊಳ, ಬೀದಿಗಳ ನಿರ್ಜನ ಹಸಿ ಚಿತ್ರಗಳೂ ಉಳಿಯಲಿ, ಮುಂದೊಂದು ದಿನ ಜೀರ್ಣೋದ್ಧಾರ ಮಾಡುವ ಸ್ಥಪತಿಗೆ ಅವು ಬೇಕಾಗುತ್ತವೆ. ಮುಖಗಳಿರುವ ಉಳಿದೆಲ್ಲವನ್ನೂ ಒಪ್ಪಿದ ದಿನದೊಳಗೆ ಅಳಿಸಿ, ಅಳಿಸಿದ್ದಕ್ಕೆ ಒಂದು ಸಾಲು ಬರೆದುಕೊಡಲಿ. ತನ್ನ ಚಿತ್ರ ತೆಗೆಯಿರೆಂದು ಯಾರಾದರೂ ಬಂದು ಕೇಳಿದರೆ ಯಾರನ್ನು ಕಾಣಬೇಕು ಎಂಬ ಹೆಸರನ್ನು ದೇವಸ್ಥಾನದ ಹಲಗೆಯ ಮೇಲೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರೆಸಲಿ.